ಅಪ್ಪನಾಗಲು ಸತುವಿನ ಮಾತ್ರೆ ಬೇಕೇ?

ಮದುವೆಯಾಗಿ ವರ್ಷ ತುಂಬುವುದೇ ತಡ, ಊರಿನಿಂದ ಬಂದ ಹಿರಿಯರ ಪ್ರಶ್ನೆ ಸಿದ್ಧವಾಗಿರುತ್ತದೆ. “ಏನವ್ವಾ, ಏನಾರ ವಿಶೇಷ ಅದೇನು?” ಈ ಪ್ರಶ್ನೆ ಯಾವಾಗಲೂ ಸೊಸೆಗೇ. ಮಗನನ್ನು ಯಾರೂ ಕೇಳುವುದಿಲ್ಲ. ಆದರೆ ಮಗುವಾಗುವುದು ತಡವಾದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡನ ಪಾಲೂ ಇರುತ್ತದೆ ಎಂಬುದು ವೈದ್ಯರಿಗೆಲ್ಲ ತಿಳಿದ ಮಾತು. ಮನೆಯಲ್ಲಿ ಯಾರೂ ಕೇಳದ್ದರಿಂದ ಗಂಡಸು ತಾನೂ ಯಾರನ್ನೂ ಕೇಳುವುದಿಲ್ಲ. ಸಂಜೆ ಆಫೀಸಿನಿಂದ ಬರುವಾಗ ಔಷಧಿ ಅಂಗಡಿಯ ಮುಂದೆ ನಿಂತು, ತಗ್ಗಿದ ದನಿಯಲ್ಲಿ ಒಂದು ಡಬ್ಬಿ ಕ್ಯಾಪ್ಸೂಲ್ ಕೊಳ್ಳುತ್ತಾನೆ. ಡಬ್ಬಿಯ ಮೇಲೆ ಸತು, ಅಂದರೆ ಜಿಂಕ್, ಮತ್ತು ಫೋಲಿಕ್ ಆಮ್ಲದ ಹೆಸರು ದೊಡ್ಡದಾಗಿ ಬರೆದಿರುತ್ತದೆ.

ತರುಣ ಮಿತ್ರರೇ, ಈ ಡಬ್ಬಿಯಲ್ಲಿ ನಿಜವಾಗಿ ಏನಿದೆ, ಅದರಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ಮುಚ್ಚುಮರೆಯಿಲ್ಲದೆ ನೋಡೋಣ. ಅದಕ್ಕಾಗಿ ನಮ್ಮ ಹೈದರಾಬಾದಿನ ಇಬ್ಬರು ಅಣ್ಣತಮ್ಮಂದಿರ ಕಥೆ ಹೇಳುತ್ತೇನೆ. ಹೆಸರು ಬೇಡ. ಹಲವರ ಅನುಭವವನ್ನು ಇಬ್ಬರದಾಗಿ ಕಟ್ಟಿ ಹೇಳುತ್ತಿದ್ದೇನೆ ಎಂದುಕೊಳ್ಳಿ.

ಅಣ್ಣನ ಕಥೆ

ಅಣ್ಣನಿಗೆ ಮೂವತ್ತೊಂದು ವಯಸ್ಸು. ಮಾಧಾಪುರದಲ್ಲಿ ಕಂಪ್ಯೂಟರ್ ಕೆಲಸ. ಮದುವೆಯಾಗಿ ಒಂದೂವರೆ ವರ್ಷ. ಆ ಮಳೆಗಾಲದಲ್ಲಿ, ಸೆಪ್ಟೆಂಬರ್ ನಡುವೆ, ಅವನಿಗೆ ಡೆಂಗ್ಯೂ ಬಂತು. ಐದು ದಿನ 103 ಡಿಗ್ರಿಯ ಜ್ವರ. ಹೇಗೋ ಸುಧಾರಿಸಿಕೊಂಡ. ಅಕ್ಟೋಬರ್ ಕೊನೆಯಲ್ಲಿ ಹೆಂಡತಿಯ ಒತ್ತಾಯಕ್ಕೆ ಮಣಿದು ವೀರ್ಯ ಪರೀಕ್ಷೆ ಮಾಡಿಸಿದ. ಒಂದು ಮಿಲಿಲೀಟರ್ ವೀರ್ಯದಲ್ಲಿ 90 ಲಕ್ಷ ವೀರ್ಯಾಣುಗಳು, ಅವುಗಳಲ್ಲಿ ಚಲಿಸುತ್ತಿರುವುದು ನೂರಕ್ಕೆ 25 ಎಂದು ವರದಿ ಬಂತು.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರತಂದ ಕೈಪಿಡಿಯ ಪ್ರಕಾರ ಈ ಸಂಖ್ಯೆಗಳ ಕೆಳಗಿನ ಗಡಿ ಒಂದು ಮಿಲಿಲೀಟರಿಗೆ 1 ಕೋಟಿ 60 ಲಕ್ಷ, ಚಲನೆ ನೂರಕ್ಕೆ 42. ಅಣ್ಣನ ಎರಡೂ ಸಂಖ್ಯೆಗಳು ಗಡಿಗಿಂತ ಕೆಳಗೆ. ಎದೆ ಧಸಕ್ಕೆಂದಿತು. ಪರಿಚಯದವರೊಬ್ಬರು ಹೇಳಿದ ಕ್ಯಾಪ್ಸೂಲನ್ನು ನವೆಂಬರಿನಿಂದ ನುಂಗತೊಡಗಿದ. ಫೆಬ್ರವರಿ ಮೊದಲ ವಾರ ಮತ್ತೆ ಪರೀಕ್ಷೆ. ಈ ಬಾರಿ 3 ಕೋಟಿ 10 ಲಕ್ಷ, ಚಲನೆ ನೂರಕ್ಕೆ 46. ಮಾರ್ಚಿನಲ್ಲಿ ಹೆಂಡತಿಗೆ ಮುಟ್ಟು ನಿಂತಿತು. ಮನೆಯಲ್ಲಿ ಹಬ್ಬ. “ಆ ಡಬ್ಬಿ ಭಾಳ ಛಲೋ ಅದ” ಎಂದು ಅಣ್ಣ ಎಲ್ಲರಿಗೂ ಹೇಳಿಕೊಂಡು ಬಂದ.

ಡಬ್ಬಿ ನುಂಗಿದ, ಸಂಖ್ಯೆ ಏರಿತು, ಮಗುವಾಯಿತು. ಇದಕ್ಕಿಂತ ಬೇರೆ ಸಾಕ್ಷಿ ಏನು ಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಇಲ್ಲಿ ನಾವು ಮರೆತಿರುವ ಒಂದು ಗಡಿಯಾರವಿದೆ.

ಮೂರು ತಿಂಗಳ ಗಡಿಯಾರ

ವೀರ್ಯಾಣು ಒಂದೇ ದಿನದಲ್ಲಿ ಹುಟ್ಟುವುದಿಲ್ಲ. ವೃಷಣದೊಳಗಿನ ನವಿರಾದ ನಾಳಗಳಲ್ಲಿ ಒಂದು ಮೂಲಕೋಶ ಒಡೆದು, ತಲೆ ಬಾಲ ಮೂಡಿ, ವೀರ್ಯಾಣುವಿನ ರೂಪ ತಾಳಲು ಸುಮಾರು 74 ದಿನ ಬೇಕು. ಆ ಮೇಲೆ ಅದು ವೃಷಣಕ್ಕೆ ಅಂಟಿಕೊಂಡ ಸುರುಳಿ ನಾಳದಲ್ಲಿ ಹಾದು ಈಜುವ ಶಕ್ತಿ ಪಡೆಯಲು ಇನ್ನೂ ಒಂದೆರಡು ವಾರ. ಎಲ್ಲ ಸೇರಿ ಹೆಚ್ಚುಕಡಿಮೆ ಮೂರು ತಿಂಗಳು. ಇಂದು ಪರೀಕ್ಷೆಗೆ ಕೊಟ್ಟ ವೀರ್ಯ ಮೂರು ತಿಂಗಳ ಹಿಂದೆ ದೇಹದಲ್ಲಿ ಏನು ನಡೆದಿತ್ತು ಎಂಬುದರ ವರದಿ.

ವೃಷಣಗಳು ಮೈಯಿಂದ ಹೊರಗೆ ತೂಗುತ್ತಿರುವುದಕ್ಕೂ ಕಾರಣವಿದೆ. ವೀರ್ಯಾಣು ತಯಾರಾಗಲು ಮೈಯ ಬಿಸಿಗಿಂತ ಎರಡು ಮೂರು ಡಿಗ್ರಿ ಸೆಲ್ಸಿಯಸ್ ಕಡಿಮೆ ಬಿಸಿ ಬೇಕು. ಜೋರು ಜ್ವರ ಬಂದಾಗ ಅರೆಬೆಂದ ಅಡುಗೆಯಂತೆ ಆ ಬೆಳೆ ಕೆಡುತ್ತದೆ. ಕೆಟ್ಟದ್ದು ಕಾಣುವುದು ಆಗಲ್ಲ, ವಾರಗಳ ನಂತರ.

ಈಗ ಅಣ್ಣನ ತಾರೀಖುಗಳನ್ನು ನೋಡಿ. ಜ್ವರ ಸೆಪ್ಟೆಂಬರ್ ನಡುವೆ. ಮೊದಲ ಪರೀಕ್ಷೆ ಆರು ವಾರದ ನಂತರ. ಅಂದರೆ ಜ್ವರದ ದಿನ ಅರ್ಧ ತಯಾರಾಗಿದ್ದ ವೀರ್ಯಾಣುಗಳೇ ಆ ಸೀಸೆಯಲ್ಲಿದ್ದವು. ಸಂಖ್ಯೆ ಕುಸಿಯದಿದ್ದರೇ ಆಶ್ಚರ್ಯ. ಎರಡನೆಯ ಪರೀಕ್ಷೆ ಫೆಬ್ರವರಿಯಲ್ಲಿ. ಅದರಲ್ಲಿದ್ದ ವೀರ್ಯಾಣುಗಳು ತಯಾರಾಗಲು ಶುರುವಾದದ್ದು ನವೆಂಬರಿನಲ್ಲಿ, ಜ್ವರ ಬಿಟ್ಟು ಒಂದೂವರೆ ತಿಂಗಳಾದ ಮೇಲೆ. ಕ್ಯಾಪ್ಸೂಲ್ ನುಂಗಿದ್ದರೂ, ಬರೀ ನೀರು ಕುಡಿದಿದ್ದರೂ ಆ ಸಂಖ್ಯೆ ಬಹುತೇಕ ಹಾಗೆಯೇ ಏರುತ್ತಿತ್ತು.

ಜ್ವರವೇ ಇಲ್ಲದವರಲ್ಲೂ ಇನ್ನೊಂದು ಸಂಗತಿ ನಡೆಯುತ್ತದೆ. ಒಬ್ಬನೇ ಗಂಡಸಿನ ವೀರ್ಯಾಣು ಸಂಖ್ಯೆ ವಾರದಿಂದ ವಾರಕ್ಕೆ ಬಹಳ ಏರಿಳಿಯುತ್ತದೆ. ತೀರ ಕೆಳಗಿಳಿದ ದಿನ ಪರೀಕ್ಷೆ ಮಾಡಿಸಿದವನಿಗೆ ಮಾತ್ರ ಗಾಬರಿಯಾಗುತ್ತದೆ. ಅವನೇ ಮಾತ್ರೆ ಕೊಳ್ಳುತ್ತಾನೆ. ಮುಂದಿನ ಬಾರಿ ಸಂಖ್ಯೆ ತನ್ನ ಮಾಮೂಲಿ ಮಟ್ಟಕ್ಕೆ ಮರಳಿದಾಗ ಪುಣ್ಯವೆಲ್ಲ ಮಾತ್ರೆಯ ಲೆಕ್ಕಕ್ಕೆ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತೇವಲ್ಲ, ಹಾಗೆ.

ಸತುವಿನ ನಂಬಿಕೆ ಎಲ್ಲಿಂದ ಬಂತು?

ಹಾಗಾದರೆ ಸತು ಬರೀ ಸುಳ್ಳೇ? ಅಲ್ಲ. ಅದರ ಹಿಂದೆ ಒಂದು ನಿಜವಿದೆ, ಅದೂ ನಮ್ಮ ದೇಶದವರೇ ಕಂಡುಕೊಟ್ಟದ್ದು. ಬಿಹಾರದಲ್ಲಿ ಹುಟ್ಟಿದ ಡಾ. ಆನಂದ ಪ್ರಸಾದ್ ಇರಾನಿನ ಶಿರಾಜ್ ನಗರದಲ್ಲಿ ವೈದ್ಯರಾಗಿದ್ದಾಗ, ಇಪ್ಪತ್ತರ ವಯಸ್ಸಿನಲ್ಲೂ ಹುಡುಗರಂತೆ ಕುಳ್ಳಗೆ ಉಳಿದು, ಪ್ರಾಯಕ್ಕೇ ಬಾರದಿದ್ದ ರೋಗಿಗಳನ್ನು ನೋಡಿದರು. ಆ ಜನರ ಊಟ ಬಹುಪಾಲು ತವುಡು ತೆಗೆಯದ ಗೋಧಿ ರೊಟ್ಟಿ. ಕೆಲವರಿಗೆ ಮಣ್ಣು ತಿನ್ನುವ ಅಭ್ಯಾಸವೂ ಇತ್ತು. 1961ರಲ್ಲಿ ಪ್ರಕಟವಾದ ಅವರ ಲೇಖನ, ಆ ಮೇಲೆ ಈಜಿಪ್ಟಿನಲ್ಲಿ ನಡೆಸಿದ ಅಧ್ಯಯನಗಳು, ಮನುಷ್ಯನಿಗೂ ಸತುವಿನ ಕೊರತೆ ಆಗುತ್ತದೆ ಎಂಬುದನ್ನು ಜಗತ್ತಿಗೆ ತೋರಿಸಿದವು. ಸತು ಕೊಟ್ಟಾಗ ಆ ತರುಣರು ಬೆಳೆದರು, ಪ್ರಾಯಕ್ಕೆ ಬಂದರು.

1980ರಲ್ಲಿ ಅವರೇ ಇದ್ದ ತಂಡ ಐದು ಮಂದಿ ಸ್ವಯಂಸೇವಕರಿಗೆ ಬಹಳ ಕಡಿಮೆ ಸತುವಿನ ಊಟ ಕೊಟ್ಟು ನೋಡಿತು. ವೀರ್ಯಾಣುಗಳ ಸಂಖ್ಯೆ ಇಳಿಯಿತು. ಸತು ಮತ್ತೆ ಕೊಟ್ಟ ಮೇಲೆ, ತಿಂಗಳುಗಳು ಕಳೆದು, ಮೇಲೇರಿತು. ಆದ್ದರಿಂದ ಸತುವಿನ ಕೊರತೆಯಿಂದ ವೀರ್ಯ ಕೆಡುತ್ತದೆ ಎಂಬುದು ನಿಜ. ಆದರೆ ಕೊರತೆ ಇದ್ದವನಿಗೆ ಕೊಟ್ಟರೆ ಗುಣ ಎಂಬುದರಿಂದ, ಕೊರತೆ ಇಲ್ಲದವನಿಗೆ ಕೊಟ್ಟರೂ ಗುಣ ಎಂದು ಆಗುವುದಿಲ್ಲ. ಒಣಗಿದ ಗಿಡಕ್ಕೆ ನೀರು ಹಾಕಿದರೆ ಚಿಗುರುತ್ತದೆ. ಚೆನ್ನಾಗಿರುವ ಗಿಡಕ್ಕೆ ಎರಡು ಕೊಡ ಹೆಚ್ಚು ಹಾಕಿದರೆ ಎರಡರಷ್ಟು ಹೂ ಬಿಡುವುದಿಲ್ಲ.

ಎರಡು ಪರೀಕ್ಷೆಗಳು

ಸತು ಮತ್ತು ಫೋಲಿಕ್ ಆಮ್ಲವನ್ನು ಜೋಡಿಯಾಗಿ ಪ್ರಸಿದ್ಧಿಗೆ ತಂದದ್ದು 2002ರಲ್ಲಿ ಪ್ರಕಟವಾದ ನೆದರ್‌ಲ್ಯಾಂಡ್ಸಿನ ಒಂದು ಅಧ್ಯಯನ. 211 ಗಂಡಸರು, 26 ವಾರ. ಫಲವತ್ತತೆ ಕಡಿಮೆ ಇದ್ದವರಲ್ಲಿ ಎರಡನ್ನೂ ಒಟ್ಟಿಗೆ ತೆಗೆದುಕೊಂಡವರಿಗೆ ಸರಿಯಾದ ಆಕಾರದ ವೀರ್ಯಾಣುಗಳ ಒಟ್ಟು ಸಂಖ್ಯೆ ನೂರಕ್ಕೆ 74ರಷ್ಟು ಏರಿತು ಎಂದು ಅದು ಹೇಳಿತು. ಆದರೆ ಆ ಗಂಡಸರನ್ನು ನಾಲ್ಕು ಚಿಕಿತ್ಸೆಗಳಿಗೆ ಹಂಚಿದ್ದರಿಂದ ಒಂದೊಂದು ಗುಂಪಿಗೆ ಬಂದವರು ಕೆಲವೇ ಮಂದಿ. ಅಲ್ಲದೆ ಎಣಿಸಿದ್ದು ವೀರ್ಯಾಣುಗಳನ್ನು, ಹುಟ್ಟಿದ ಮಕ್ಕಳನ್ನಲ್ಲ. ಆದರೂ ಆ 74 ಎಂಬ ಸಂಖ್ಯೆ ದೇಶ ದೇಶ ಸುತ್ತಿತು.

ಈ ಮಾತನ್ನು ದೊಡ್ಡ ಪ್ರಮಾಣದಲ್ಲಿ ಒರೆಗೆ ಹಚ್ಚಿದ್ದು ಅಮೆರಿಕದಲ್ಲಿ. 2013ರಿಂದ 2017ರವರೆಗೆ, ಬಂಜೆತನದ ಚಿಕಿತ್ಸೆಗೆ ಬಂದಿದ್ದ 2370 ದಂಪತಿಗಳನ್ನು ಸೇರಿಸಿಕೊಂಡರು. ಚೀಟಿ ಎತ್ತಿದ ಹಾಗೆ ಗಂಡಂದಿರನ್ನು ಎರಡು ಸಮಪಾಲು ಮಾಡಿದರು. ಒಂದು ಪಾಲಿಗೆ ಆರು ತಿಂಗಳು ದಿನಾ 30 ಮಿಲಿಗ್ರಾಂ ಸತು ಮತ್ತು 5 ಮಿಲಿಗ್ರಾಂ ಫೋಲಿಕ್ ಆಮ್ಲ. ಇನ್ನೊಂದು ಪಾಲಿಗೆ ನೋಡಲು ಹಾಗೆಯೇ ಇರುವ, ಔಷಧಿಯಿಲ್ಲದ ಹುಸಿಮಾತ್ರೆ. ಯಾರಿಗೆ ಯಾವುದು ಎಂದು ನುಂಗುವವರಿಗೂ ಗೊತ್ತಿಲ್ಲ, ಪರೀಕ್ಷಿಸುವವರಿಗೂ ಗೊತ್ತಿಲ್ಲ. ಅಣ್ಣನಿಗಾದ ಮೋಸ ಇಲ್ಲಿ ಆಗುವಂತಿಲ್ಲ. ಜ್ವರ ಬಂದವರೂ, ತಾನಾಗಿ ಸುಧಾರಿಸುವವರೂ ಎರಡೂ ಗುಂಪಿನಲ್ಲಿ ಸಮನಾಗಿ ಹಂಚಿಹೋಗಿರುತ್ತಾರೆ.

2020ರ ಜನವರಿಯಲ್ಲಿ ಫಲಿತಾಂಶ ಪ್ರಕಟವಾಯಿತು. ಮಾತ್ರೆ ತೆಗೆದುಕೊಂಡವರ ಮನೆಯಲ್ಲಿ ನೂರಕ್ಕೆ 34 ಕಡೆ ಮಗು ಹುಟ್ಟಿತು. ಹುಸಿಮಾತ್ರೆಯವರ ಮನೆಯಲ್ಲಿ ನೂರಕ್ಕೆ 35 ಕಡೆ. ವೀರ್ಯಾಣುಗಳ ಸಂಖ್ಯೆ, ಚಲನೆ, ಆಕಾರ, ಯಾವುದರಲ್ಲೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಇನ್ನೊಂದು ವಿಚಾರ ಯಾರೂ ನಿರೀಕ್ಷಿಸಿರಲಿಲ್ಲ. ವೀರ್ಯಾಣುವಿನೊಳಗಿನ ಡಿಎನ್ಎ ಎಳೆ ತುಂಡಾಗಿರುವ ಪ್ರಮಾಣ ಮಾತ್ರೆ ನುಂಗಿದವರಲ್ಲೇ ತುಸು ಹೆಚ್ಚಿತ್ತು: ನೂರಕ್ಕೆ 29.7, ಇನ್ನೊಂದು ಗುಂಪಿನಲ್ಲಿ 27.2. ಹೊಟ್ಟೆ ತೊಳಸುವುದು, ವಾಂತಿ, ಹೊಟ್ಟೆನೋವಿನ ದೂರೂ ಮಾತ್ರೆಯವರಲ್ಲೇ ಹೆಚ್ಚು.

ಈ ಪರೀಕ್ಷೆಗೂ ಮಿತಿಯಿದೆ. ಸೇರಿದವರು ಅಮೆರಿಕದವರು. ಅವರ ಊಟದಲ್ಲಿ ಮಾಂಸವೂ ಇದೆ, ಅಲ್ಲಿಯ ಗೋಧಿ ಹಿಟ್ಟಿಗೆ ಫೋಲಿಕ್ ಆಮ್ಲವನ್ನು ಮೊದಲೇ ಬೆರೆಸಿರುತ್ತಾರೆ. ಸತುವಿನ ಕೊರತೆ ಇರುವವರನ್ನು ಹುಡುಕಿ ಆರಿಸಿದ್ದಲ್ಲ. ನಿಜವಾದ ಕೊರತೆಯಿರುವ ಭಾರತೀಯನಿಗೆ ಈ ಉತ್ತರ ಪೂರ್ತಿ ಒಪ್ಪುತ್ತದೆ ಎಂದು ಹೇಳಲಾಗದು. ಆದರೆ “ಮಗುವಾಗಬೇಕೆಂದರೆ ಗಂಡಸರೆಲ್ಲ ಇದನ್ನು ನುಂಗಿ” ಎಂಬ ಮಾತು ಇದರ ಮುಂದೆ ನಿಲ್ಲುವುದಿಲ್ಲ. ಅದೇ 2020ರಲ್ಲಿ ಪ್ರಕಟವಾದ, ಸತುವಿನ ಜೊತೆ ವಿಟಮಿನ್ ಸಿ, ಇ, ಸೆಲೆನಿಯಂ ಮುಂತಾದವನ್ನು ಬೆರೆಸಿ ಕೊಟ್ಟ ಇನ್ನೊಂದು ಅಮೆರಿಕದ ಪರೀಕ್ಷೆಯಲ್ಲೂ ಲಾಭ ಕಾಣಲಿಲ್ಲ.

ಡಬ್ಬಿಯ ಚೀಟಿ ಓದುವುದು ಹೇಗೆ?

ವೈದ್ಯರು ಕಾರಣ ಕಂಡು ಸತು ಬರೆದುಕೊಟ್ಟರೆ ತೆಗೆದುಕೊಳ್ಳಬೇಕಾದ್ದೇ. ಆದರೆ ಡಬ್ಬಿಯ ಚೀಟಿಯನ್ನು ಸರಿಯಾಗಿ ಓದಲು ಬರಬೇಕು. ಸತು ಒಂಟಿಯಾಗಿ ಇರುವುದಿಲ್ಲ, ಲವಣದ ರೂಪದಲ್ಲಿರುತ್ತದೆ. 220 ಮಿಲಿಗ್ರಾಂ ಜಿಂಕ್ ಸಲ್ಫೇಟ್ ಎಂದು ಬರೆದಿದ್ದರೆ ಅದರಲ್ಲಿ ಸತು ಇರುವುದು ಸುಮಾರು 50 ಮಿಲಿಗ್ರಾಂ ಮಾತ್ರ. ಮಾತ್ರ ಎಂದೆ, ಆದರೆ ಅದೇ ಹೆಚ್ಚು. ವೈದ್ಯರ ಸಲಹೆಯಿಲ್ಲದೆ ದಿನಕ್ಕೆ 40 ಮಿಲಿಗ್ರಾಂ ಮೀರಬಾರದು ಎಂಬುದು ಅಮೆರಿಕದವರು ಹಾಕಿಕೊಂಡ ಗಡಿ. ತಿಂಗಳುಗಟ್ಟಲೆ ಮೀರಿದರೆ ದೇಹ ತಾಮ್ರವನ್ನು ಹೀರಿಕೊಳ್ಳುವುದು ತಗ್ಗಿ, ರಕ್ತಹೀನತೆ ಮತ್ತು ಕೈಕಾಲು ಜೋಮು ಬರುವುದುಂಟು. ಎರಡು ಬೇರೆ ಬೇರೆ ಡಬ್ಬಿಗಳನ್ನು ಒಟ್ಟಿಗೆ ನುಂಗುವವರು ಎರಡರಲ್ಲಿಯ ಸತುವನ್ನೂ ಕೂಡಿಸಿ ನೋಡಬೇಕು.

ಫೋಲಿಕ್ ಆಮ್ಲದ್ದು ಇನ್ನೊಂದು ಲೆಕ್ಕ. ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು 5 ಮಿಲಿಗ್ರಾಂ ಮಾತ್ರೆ. ಅಂದರೆ 5000 ಮೈಕ್ರೋಗ್ರಾಂ. ಗಂಡಸಿಗೆ ದಿನಕ್ಕೆ ಬೇಕಾದ ಫೋಲೇಟ್ 300 ಮೈಕ್ರೋಗ್ರಾಂ. ಸಸ್ಯಾಹಾರಿ ಮನೆಗಳವರು ಇಲ್ಲಿ ವಿಶೇಷವಾಗಿ ಎಚ್ಚರ ವಹಿಸಬೇಕು. ಸಸ್ಯಾಹಾರಿಗಳಲ್ಲಿ ವಿಟಮಿನ್ ಬಿ-12 ಕೊರತೆ ಸಾಮಾನ್ಯ. ಹೆಚ್ಚು ಫೋಲಿಕ್ ಆಮ್ಲ ನುಂಗಿದರೆ ಆ ಕೊರತೆಯ ರಕ್ತಹೀನತೆ ಮರೆಯಾಗುತ್ತದೆ, ನರಗಳಿಗೆ ಆಗುವ ಹಾನಿ ಮಾತ್ರ ಒಳಗೊಳಗೇ ಮುಂದುವರಿಯುತ್ತದೆ. ರಕ್ತದಲ್ಲಿ ಬಿ-12 ಎಷ್ಟಿದೆ ಎಂದು ಮೊದಲು ನೋಡಿಸುವುದು ಜಾಣತನ.

ಊಟದ ಲೆಕ್ಕ

ನಮ್ಮ ತಾರ್ನಾಕದಲ್ಲಿರುವ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ ಮುಂದೆ ನೀವು ಎಷ್ಟು ಬಾರಿ ಬಸ್ಸಿನಲ್ಲಿ ಹೋಗಿರುತ್ತೀರಿ. ಭಾರತೀಯರಿಗೆ ಯಾವ ಪೋಷಕಾಂಶ ಎಷ್ಟು ಬೇಕೆಂದು ಲೆಕ್ಕ ಹಾಕುವವರು ಅಲ್ಲಿಯವರೇ. 2020ರ ಅವರ ಪಟ್ಟಿಯಲ್ಲಿ ಗಂಡಸಿಗೆ ದಿನಕ್ಕೆ 17 ಮಿಲಿಗ್ರಾಂ ಸತು ಎಂದಿದೆ. ಅಮೆರಿಕದವರ ಪಟ್ಟಿಯಲ್ಲಿ ಇದು 11. ನಮಗೆ ಹೆಚ್ಚು ಏಕೆ? ನಮ್ಮ ಊಟದಲ್ಲಿ ಕಾಳು, ಬೇಳೆ, ಧಾನ್ಯ ಜಾಸ್ತಿ. ಇವುಗಳಲ್ಲಿರುವ ಫೈಟೇಟ್ ಎಂಬ ವಸ್ತು ಸತುವನ್ನು ಹಿಡಿದಿಟ್ಟುಕೊಂಡು ಕರುಳಿಗೆ ಬಿಟ್ಟುಕೊಡುವುದಿಲ್ಲ. ಇರಾನಿನ ಆ ರೊಟ್ಟಿಯ ಕಥೆಯೂ ಇದೇ.

ಇದಕ್ಕೆ ಉಪಾಯ ನಮ್ಮ ಅಡಿಗೆ ಮನೆಯಲ್ಲೇ ಇದೆ. ಹೆಸರುಕಾಳು, ಮಡಕಿಕಾಳು ನೆನೆಸಿ ಮೊಳಕೆ ಬರಿಸಿದರೆ, ದೋಸೆ ಇಡ್ಲಿಯ ಹಿಟ್ಟು ಹುಳಿ ಬರಿಸಿದರೆ ಫೈಟೇಟ್ ಇಳಿಯುತ್ತದೆ. ಜೋಳದ ರೊಟ್ಟಿಯ ಜೊತೆ ಮೊಳಕೆ ಕಾಳಿನ ಪಲ್ಯ, ಎಳ್ಳು ಅಥವಾ ಶೇಂಗಾ ಹಿಂಡಿ, ಮೊಸರು, ಸೊಪ್ಪು ಇರುವ ತಾಟಿನಲ್ಲಿ ಸತುವೂ ಇದೆ, ಫೋಲೇಟೂ ಇದೆ. ಮಾಂಸ, ಮೊಟ್ಟೆ ತಿನ್ನುವವರಿಗೆ ಸತು ಇನ್ನೂ ಸುಲಭವಾಗಿ ಸಿಗುತ್ತದೆ. ಮೂರು ಹೊತ್ತೂ ಬಿಳಿ ಅನ್ನ, ಮೈದಾ, ಚಹಾದ ಮೇಲೆ ಬದುಕುವವರಿಗೆ, ದೀರ್ಘಕಾಲ ಭೇದಿ ಅಥವಾ ಕರುಳಿನ ಕಾಯಿಲೆ ಇರುವವರಿಗೆ, ಬಹಳ ಕುಡಿಯುವವರಿಗೆ ಕೊರತೆಯ ಸಂಭವ ಹೆಚ್ಚು. ಅಂಥವರು ವೈದ್ಯರಿಗೆ ಅದನ್ನು ಹೇಳಬೇಕು.

ತಮ್ಮನ ಕಥೆ

ಇನ್ನು ತಮ್ಮನ ಕಡೆಗೆ ಬರೋಣ. ಅವನು ಅಣ್ಣನ ಚಿಕ್ಕಪ್ಪನ ಮಗ. ಹೆಂಡತಿಗೆ ಮೂವತ್ತೈದು. ಅಣ್ಣ ಹೇಳಿದನೆಂದು ಅದೇ ಕ್ಯಾಪ್ಸೂಲನ್ನು ಪರೀಕ್ಷೆಯೇ ಇಲ್ಲದೆ ಒಂದು ವರ್ಷ ನುಂಗಿದ. ಕೊನೆಗೆ ಪರೀಕ್ಷೆ ಮಾಡಿಸಿದಾಗ ವರದಿಯಲ್ಲಿ ಒಂದೂ ವೀರ್ಯಾಣು ಇಲ್ಲ. ವೈದ್ಯರು ನಿಧಾನವಾಗಿ ಕೇಳಿದರು: “ವ್ಯಾಯಾಮಶಾಲೆಗೆ ಹೋಗ್ತೀರಾ? ಮೈ ಬೆಳೆಸಲು ಇಂಜೆಕ್ಷನ್ ಏನಾದರೂ?” ಎರಡು ವರ್ಷದಿಂದ ಟೆಸ್ಟೋಸ್ಟಿರೋನ್ ಚುಚ್ಚಿಸಿಕೊಳ್ಳುತ್ತಿದ್ದ. ಗಂಡಸುತನದ ಹಾರ್ಮೋನು, ಒಳ್ಳೆಯದೇ ಮಾಡೀತು ಎಂದು ಅವನ ಎಣಿಕೆ.

ಆಗುವುದು ತದ್ವಿರುದ್ಧ. ಹೊರಗಿನಿಂದ ಆ ಹಾರ್ಮೋನು ಬಂದಾಗ ಮಿದುಳಿನಡಿಯ ಪಿಟ್ಯುಟರಿ ಗ್ರಂಥಿ, ಸಾಕಷ್ಟಿದೆ ಎಂದು ತಿಳಿದು ವೃಷಣಕ್ಕೆ ಕಳಿಸುವ ಅಪ್ಪಣೆಯನ್ನು ನಿಲ್ಲಿಸಿಬಿಡುತ್ತದೆ. ವೃಷಣ ಕೆಲಸ ಬಿಡುತ್ತದೆ. ಇಂಜೆಕ್ಷನ್ ನಿಲ್ಲಿಸಿದ ಮೇಲೆ ಬಹಳ ಮಂದಿಗೆ ವೀರ್ಯಾಣು ಮರಳುತ್ತದೆ. ಆದರೆ ಆರು ತಿಂಗಳು, ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿಯುತ್ತದೆ. ತಮ್ಮನಿಗೆ ಎಂಟು ತಿಂಗಳಾದ ಮೇಲೆ ಮೊದಲ ಬಾರಿ ವೀರ್ಯಾಣು ಕಂಡವು. ಆ ಹೊತ್ತಿಗೆ ಹೆಂಡತಿಗೆ ಮೂವತ್ತಾರು ದಾಟಿ ಮೂವತ್ತೇಳು ಸಮೀಪಿಸಿತ್ತು. ಡಬ್ಬಿಗೆ ಹೋದ ಹಣ ಹೋಗಲಿ, ಆ ಒಂದು ವರ್ಷವನ್ನು ಅವಳಿಗೆ ಯಾರು ಕೊಡುತ್ತಾರೆ?

ಇಂಜೆಕ್ಷನ್ ಇಲ್ಲದೆಯೂ ವೀರ್ಯಾಣು ಇಲ್ಲವಾಗಬಹುದು. ನಾಳ ಮುಚ್ಚಿರಬಹುದು. ಹುಟ್ಟಿನಿಂದಲೇ ವೈ ವರ್ಣತಂತುವಿನ ಒಂದು ತುಣುಕು ಇಲ್ಲದಿರಬಹುದು. ಹೈದರಾಬಾದಿನದೇ ಆದ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದವರು, ನಾವೆಲ್ಲ ಸಿಸಿಎಂಬಿ ಎನ್ನುವವರು, ಭಾರತೀಯ ಗಂಡಸರಲ್ಲಿ ಈ ತುಣುಕಿನ ವಿಚಾರವಾಗಿ ಸಂಶೋಧನೆ ಮಾಡಿದ್ದಾರೆ. ಇಲ್ಲದ ತುಣುಕನ್ನು ಯಾವ ಮಾತ್ರೆಯೂ ಹೊಲಿದು ಕೊಡಲಾರದು. ಆದರೆ ಕಾರಣ ತಿಳಿದರೆ ದಾರಿ ತಿಳಿಯುತ್ತದೆ.

ಹಾಗಾದರೆ ಮಾಡಬೇಕಾದ್ದೇನು?

ಹೆಂಡತಿಗೆ ಮೂವತ್ತೈದರ ಒಳಗಿದ್ದರೆ ಒಂದು ವರ್ಷ, ಮೂವತ್ತೈದು ತುಂಬಿದ್ದರೆ ಆರು ತಿಂಗಳು ಪ್ರಯತ್ನಿಸಿ ಫಲ ಸಿಗದಿದ್ದಾಗ ಇಬ್ಬರೂ ಒಟ್ಟಿಗೆ ವೈದ್ಯರಲ್ಲಿ ಹೋಗಬೇಕು. ಗಂಡನ ಪರೀಕ್ಷೆ ಮೊದಲೇ ಆಗಲಿ. ಅದು ಅಗ್ಗ, ನೋವಿಲ್ಲದ್ದು.

ಪರೀಕ್ಷೆಗೆ ಮುಂಚೆ ಎರಡರಿಂದ ಏಳು ದಿನ ವೀರ್ಯ ಹೋಗಿರಬಾರದು. ಎರಡನೆಯ ಬಾರಿ ಕೊಡುವಾಗಲೂ ಅಷ್ಟೇ ದಿನದ ಅಂತರವಿರಲಿ, ಇಲ್ಲದಿದ್ದರೆ ಎರಡು ವರದಿಗಳನ್ನು ಹೋಲಿಸಲಾಗದು. ಸೋಪು, ಎಣ್ಣೆ, ಮಾಮೂಲಿ ಕಾಂಡೋಮ್ ಬಳಸಬೇಡಿ. ಮೊದಲ ಹನಿಗಳಲ್ಲೇ ವೀರ್ಯಾಣು ಹೆಚ್ಚಿರುವುದರಿಂದ ಸ್ವಲ್ಪ ಚೆಲ್ಲಿಹೋಗಿದ್ದರೆ ನಾಚದೆ ಹೇಳಿ. ಮನೆಯಿಂದ ತರುವುದಾದರೆ ಮೈಗೆ ಒತ್ತಿ ಬೆಚ್ಚಗಿಟ್ಟು, ಗಂಟೆಯೊಳಗೆ ಪ್ರಯೋಗಾಲಯ ಮುಟ್ಟಿಸಿ. ಹಿಂದಿನ ಮೂರು ತಿಂಗಳಲ್ಲಿ ಜ್ವರ ಬಂದಿದ್ದರೆ ಅದರ ತಾರೀಖು ತಿಳಿಸಿ.

ಸಂಖ್ಯೆ ಕಡಿಮೆ ಬಂದರೆ ಒಂದೇ ವರದಿಯ ಮೇಲೆ ತೀರ್ಮಾನ ಬೇಡ, ಇನ್ನೊಮ್ಮೆ ಮಾಡಿಸಿ. ಆ ಕೆಳಗಿನ ಗಡಿ ಎಂದರೆ ಪಾಸು ನಪಾಸಿನ ಗೆರೆಯೂ ಅಲ್ಲ. ವರ್ಷದೊಳಗೆ ತಂದೆಯಾದ ಗಂಡಸರಲ್ಲೇ ನೂರಕ್ಕೆ ಐವರು ಅದಕ್ಕಿಂತ ಕೆಳಗಿದ್ದರು. ಎರಡನೆಯ ಬಾರಿಯೂ ಕಡಿಮೆಯಿದ್ದರೆ ವೈದ್ಯರು ಕೈಯಿಂದ ಮುಟ್ಟಿ ಪರೀಕ್ಷಿಸಬೇಕು. ವೃಷಣದ ಸುತ್ತ ಉಬ್ಬಿದ ರಕ್ತನಾಳ ಸಿಕ್ಕರೆ ಅದಕ್ಕೆ ಶಸ್ತ್ರಚಿಕಿತ್ಸೆಯ ವಿಚಾರ ಬರುತ್ತದೆ. ಬೀಡಿ, ಸಿಗರೇಟು, ಗುಟ್ಕಾ ಬಿಡುವುದೂ, ತೊಡೆಯ ಮೇಲೆ ಬಿಸಿ ಲ್ಯಾಪ್‌ಟಾಪ್ ಇಟ್ಟುಕೊಳ್ಳದಿರುವುದೂ ಖರ್ಚಿಲ್ಲದ ಕೆಲಸಗಳು. ಅವುಗಳ ಫಲ ನೋಡಬೇಕಾದರೂ ಮೂರು ತಿಂಗಳು ಕಾಯಬೇಕು.

ಕೊನೆಗೆ ಒಂದು ಮಾತು. ಫೋಲಿಕ್ ಆಮ್ಲಕ್ಕೆ ಗಟ್ಟಿಯಾದ ಸಾಕ್ಷಿ ಇರುವುದು ಹೆಂಡತಿಯ ವಿಚಾರದಲ್ಲಿ. ಗರ್ಭ ನಿಲ್ಲುವ ಮೊದಲೇ ಆಕೆ ಅದನ್ನು ತೆಗೆದುಕೊಂಡರೆ ಮಗುವಿನ ಬೆನ್ನುಹುರಿ ಮುಚ್ಚದೆ ಉಳಿಯುವ ದೋಷ ಬಹಳ ಮಟ್ಟಿಗೆ ತಪ್ಪುತ್ತದೆ ಎಂಬುದು 1991ರಲ್ಲೇ ಖಚಿತವಾಗಿದೆ. ಸಾಮಾನ್ಯವಾಗಿ ದಿನಕ್ಕೆ 400 ಮೈಕ್ರೋಗ್ರಾಂ, ಪ್ರಯತ್ನ ಶುರುಮಾಡುವ ಒಂದು ತಿಂಗಳಾದರೂ ಮುಂಚೆಯಿಂದ. ಹಿಂದೆ ಅಂಥ ಮಗು ಹುಟ್ಟಿದ್ದರೆ ವೈದ್ಯರು ಹೆಚ್ಚು ಪ್ರಮಾಣ ಬರೆದುಕೊಡುತ್ತಾರೆ. ನಮ್ಮ ಅಣ್ಣ ತನಗೆಂದು ನಾಲ್ಕು ತಿಂಗಳು ಡಬ್ಬಿ ತಂದ. ಹೆಂಡತಿಗೆ ಆ ಅಗ್ಗದ ಪುಟ್ಟ ಮಾತ್ರೆ ಶುರುವಾದದ್ದು ಮುಟ್ಟು ನಿಂತ ಮೇಲೆ. ಬೆನ್ನುಹುರಿ ಮುಚ್ಚುವುದು ಗರ್ಭ ನಿಂತ ಮೊದಲ ನಾಲ್ಕು ವಾರಗಳಲ್ಲೇ. ಮಗು ಆರೋಗ್ಯವಾಗಿಯೇ ಹುಟ್ಟಿತು. ಆದರೆ ಸಂಜೆ ಅಂಗಡಿಯ ಮುಂದೆ ನಿಂತಾಗ ಅವನು ಕೇಳಬೇಕಾಗಿದ್ದ ಮಾತ್ರೆ ಅದು.